ಮಗುವಿನ ಲಸಿಕೆ, ತೂಕ, ತಪಾಸಣೆ: ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಹೇಗೆ?

ಕಳೆದ ವರ್ಷ ಸೆಪ್ಟೆಂಬರ್ 18ರ ಗುರುವಾರ ಬೆಳಿಗ್ಗೆ ಫೋನ್‌ನಲ್ಲಿ ಗಂಟೆ ಹೊಡೆಯಿತು. 'ಪಾಪುಗೆ ಮೂರನೇ ಪೆಂಟಾ' ಅಂತ ಬರೆದಿತ್ತು, ಅಂದರೆ ಐದು ಕಾಯಿಲೆ ತಡೆಯುವ ಲಸಿಕೆಯ ಮೂರನೇ ಡೋಸ್. ನಮ್ಮ ಮನೆಯವರು ಅರ್ಧ ದಿನ ರಜೆ ಹಾಕಿದರು. ಆಟೊ ಮಾಡಿಕೊಂಡು ಕೋಲಾರದ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋದೆವು. ಸಿಸ್ಟರ್ ತಾಯಿ ಕಾರ್ಡ್ ತೆಗೆದು ನೋಡಿದರು. ಬೆರಳಲ್ಲಿ ಎಣಿಸಿದರು. "ನೋಡಮ್ಮ, ಎರಡನೇದು ಹಾಕಿ ಹದಿನಾಲ್ಕೇ ದಿನ ಆಗಿದೆ. ಇವತ್ತು ಹಾಕೋ ಹಾಗಿಲ್ಲ" ಅಂದರು. ಮಗು ಎತ್ತಿಕೊಂಡು ವಾಪಸ್ ಬಂದೆವು.

ಫೋನ್ ತಪ್ಪು ಮಾಡಿರಲಿಲ್ಲ. ಮಗು ಹುಟ್ಟಿದ ವಾರದಲ್ಲೇ ಕೂತು, ಒಂದೂವರೆ ವರ್ಷದ ಎಲ್ಲ ಲಸಿಕೆಗೂ ಒಟ್ಟಿಗೆ ರಿಮೈಂಡರ್ ಇಟ್ಟಿದ್ದೆ. ಮಧ್ಯದಲ್ಲಿ ಒಂದು ಡೋಸ್ ಎರಡು ವಾರ ಮುಂದೆ ಹೋಯಿತು. ಅದರ ನಂತರ ಬರುವ ಡೋಸ್ ಕೂಡ ಮುಂದೆ ಹೋಗಬೇಕು ಅನ್ನುವುದು ನನಗೆ ಹೊಳೆಯಲಿಲ್ಲ. ಆಮೇಲೆ ಇಡೀ ಪಟ್ಟಿಯನ್ನು ಬೇರೆ ರೀತಿ ಮಾಡಿಕೊಂಡೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಬೇಕಾಗಿರುವುದು ಮೂರೇ: ತಾಯಿ ಕಾರ್ಡ್, ಫೋನ್‌ನಲ್ಲಿ ಒಂದು ಗೂಗಲ್ ಶೀಟ್, ಫೋನ್‌ನ ಕ್ಯಾಲೆಂಡರ್.

ಮೊದಲು ವಾರದ ಲೆಕ್ಕ ಅರ್ಥ ಮಾಡಿಕೊಳ್ಳಿ

ಮನೆಯಲ್ಲಿ ಎಲ್ಲರೂ 'ಒಂದೂವರೆ ತಿಂಗಳ ಸೂಜಿ, ಎರಡೂವರೆ ತಿಂಗಳ ಸೂಜಿ, ಮೂರೂವರೆ ತಿಂಗಳ ಸೂಜಿ' ಅಂತಾರೆ. ಮಾತಿಗೆ ಅದು ಸರಿ. ಆದರೆ ಸರ್ಕಾರಿ ಪಟ್ಟಿಯಲ್ಲಿ ಇರುವುದು 6 ವಾರ, 10 ವಾರ, 14 ವಾರ. ಅಂದರೆ ಹುಟ್ಟಿದ ದಿನದಿಂದ 42, 70 ಮತ್ತು 98 ದಿನ. ತಿಂಗಳ ಲೆಕ್ಕ ಹಿಡಿದರೆ 45, 75, 105 ಆಗುತ್ತದೆ. ಮೂರನೇ ಡೋಸ್ ಹೊತ್ತಿಗೆ ಸುಮ್ನೆ ಒಂದು ವಾರ ಹಿಂದೆ ಬಿದ್ದಿರುತ್ತೀರಿ.

ವಾರದ ಲೆಕ್ಕದಲ್ಲಿ ಇನ್ನೊಂದು ಅನುಕೂಲ ಇದೆ. ಮಂಗಳವಾರ ಹುಟ್ಟಿದ ಮಗುವಿಗೆ 6 ವಾರ ತುಂಬುವುದೂ ಮಂಗಳವಾರವೇ, 10 ವಾರ ತುಂಬುವುದೂ ಮಂಗಳವಾರವೇ. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ, ಅಂಗನವಾಡಿಗಳಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆ ದಿನ. ಹಾಗಾಗಿ ಮಂಗಳವಾರದ ಮಗು ಎರಡು ದಿನ ಕಾದರೆ ಸಾಕು. ಶುಕ್ರವಾರ ಹುಟ್ಟಿದ ಮಗು ಆರು ದಿನ ಕಾಯಬೇಕು. ಇಷ್ಟು ಕಾಯುವುದರಿಂದ ಏನೂ ತೊಂದರೆ ಇಲ್ಲ. ಮೊದಲ ಸಲ ಗುರುವಾರ ಹಾಕಿಸಿದರೆ, ಅಲ್ಲಿಂದ 28 ದಿನಕ್ಕೆ ಮತ್ತೆ ಗುರುವಾರವೇ ಬರುತ್ತದೆ.

ಒಂದೇ ದಿನ ಯಾಕೆ ಇಡುತ್ತಾರೆ ಅಂತ ನಾನೂ ಕೇಳಿದ್ದೆ. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆ ಪುಡಿಯಾಗಿ ಬರುತ್ತದೆ. ಅದನ್ನು ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿಬಿಡಬೇಕು, ಉಳಿದದ್ದನ್ನು ಬಿಸಾಡಬೇಕು. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಇರುತ್ತದೆ. ಆದ್ದರಿಂದ ಮಕ್ಕಳನ್ನು ಒಂದೇ ದಿನ ಸೇರಿಸುತ್ತಾರೆ. ಗುರುವಾರ ಸಂಜೆ ಹೋದರೆ ಆ ದಿನದ ಬಾಟಲಿ ಮುಗಿದಿರಬಹುದು. ಬೆಳಿಗ್ಗೆಯೇ ಹೋಗುವ ಹಾಗೆ ಪಟ್ಟಿ ಮಾಡಿಕೊಳ್ಳಿ. ನಿಮ್ಮ ಕೇಂದ್ರದಲ್ಲಿ ಬೇರೆ ದಿನ ಇದ್ದರೂ ಇರಬಹುದು. ಆಶಾ ಅಕ್ಕನನ್ನು ಒಂದು ಮಾತು ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ವಾರದಲ್ಲಿ ಜಾಸ್ತಿ ದಿನ ಹಾಕುವುದೂ ಉಂಟು.

ಹೆಜ್ಜೆ 1: ಆಸ್ಪತ್ರೆಯಿಂದ ಹೊರಡುವ ಮುಂಚೆ ಕಾರ್ಡ್ ನೋಡಿ

ಹುಟ್ಟಿದಾಗ ಮೂರು ಲಸಿಕೆ: ಹೆಪಟೈಟಿಸ್-ಬಿ, ಪೋಲಿಯೊ ಹನಿಯ 'ಸೊನ್ನೆ' ಡೋಸ್, ಮತ್ತು ಬಿಸಿಜಿ. ಮೂರಕ್ಕೂ ಗಡುವು ಬೇರೆ ಬೇರೆ. ಹೆಪಟೈಟಿಸ್-ಬಿ 24 ಗಂಟೆಯೊಳಗೆ, ಪೋಲಿಯೊ ಸೊನ್ನೆ ಡೋಸ್ 15 ದಿನದೊಳಗೆ, ಬಿಸಿಜಿ ಮಾತ್ರ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಆಗುತ್ತದೆ. ಡಿಸ್ಚಾರ್ಜ್ ದಿನ ಬಿಲ್ಲು, ಬಟ್ಟೆಬರೆ, ನೆಂಟರ ಗಡಿಬಿಡಿಯಲ್ಲಿ ಇದು ತಪ್ಪಿಹೋಗುತ್ತದೆ. ಕಾರ್ಡ್‌ನಲ್ಲಿ ಮೂರರ ಮುಂದೂ ತಾರೀಖು ಬಿದ್ದಿದೆಯಾ ನೋಡಿ. ಬಿಸಿಜಿ ಜಾಗ ಖಾಲಿ ಇದ್ದರೆ ಗಾಬರಿ ಬೇಡ. ಪಟ್ಟಿಯಲ್ಲಿ ಅದನ್ನು ಮೊದಲ ಸಾಲಿಗೆ ಬರೆದುಕೊಳ್ಳಿ, ಮುಂದಿನ ಗುರುವಾರ ಹಾಕಿಸಿ.

ಇದೇ ಹೊತ್ತಿಗೆ ಇನ್ನೊಂದು ಕೆಲಸ. ಈಗ ಲಸಿಕೆ ವಿವರವನ್ನು ಯು-ವಿನ್ ಅನ್ನುವ ಸರ್ಕಾರಿ ವ್ಯವಸ್ಥೆಗೂ ಏರಿಸುತ್ತಾರೆ. ಅದರಿಂದ ಎಸ್‌ಎಂಎಸ್ ಬರುತ್ತದೆ. ಆದರೆ ಬರುವುದು ಅಲ್ಲಿ ಕೊಟ್ಟ ನಂಬರಿಗೆ ಮಾತ್ರ. ಹೆರಿಗೆಯ ದಿನ ಎಷ್ಟೋ ಮನೆಯಲ್ಲಿ ಅಜ್ಜಿಯ ಅಥವಾ ಮಾವನ ನಂಬರ್ ಕೊಟ್ಟಿರುತ್ತಾರೆ. ಯಾರ ನಂಬರ್ ಇದೆ ಅಂತ ಕೇಳಿ, ದಿನಾ ನೀವು ನೋಡುವ ನಂಬರನ್ನೇ ಬರೆಸಿ.

ಹೆಜ್ಜೆ 2: ಐದು ಸಾಲಿನ ಶೀಟ್

ಗೂಗಲ್ ಶೀಟ್ಸ್‌ನಲ್ಲಿ ಹೊಸ ಶೀಟ್ ತೆರೆಯಿರಿ. `A1` ಮನೆಯಲ್ಲಿ 'ಹುಟ್ಟಿದ ದಿನ' ಅಂತ ಬರೆಯಿರಿ. `B1` ಮನೆಯಲ್ಲಿ ತಾರೀಖು. ತಾರೀಖನ್ನು `2025-06-10` ಹೀಗೆ ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲೇ ಟೈಪ್ ಮಾಡಿ. 10/06 ಅಂತ ಹಾಕಿದರೆ ಕೆಲವು ಫೋನ್‌ಗಳಲ್ಲಿ ಅದು ಅಕ್ಟೋಬರ್ 6 ಆಗಿಬಿಡುತ್ತದೆ. ಇಡೀ ಪಟ್ಟಿ ನಾಲ್ಕು ತಿಂಗಳು ಮುಂದೆ ಹೋಗುತ್ತದೆ.

ಎರಡನೇ ಸಾಲಿನಲ್ಲಿ ತಲೆಬರಹಗಳು: ಏನು, ಯಾವತ್ತಿನಿಂದ ಹಾಕಿಸಬಹುದು, ಗುರುವಾರ, ಹಾಕಿಸಿದ ದಿನ, ತೂಕ, ಟಿಪ್ಪಣಿ. ಮೂರರಿಂದ ಏಳನೇ ಸಾಲಿನವರೆಗೆ ಐದು ಭೇಟಿ: 6 ವಾರ, 10 ವಾರ, 14 ವಾರ, 9 ತಿಂಗಳು, 16 ತಿಂಗಳು. ಒಂದೊಂದು ಲಸಿಕೆಗೂ ಒಂದೊಂದು ಸಾಲು ಮಾಡಬೇಡಿ. ನಾನು ಮೊದಲು ಹಾಗೆ ಮಾಡಿ ಇಪ್ಪತ್ತು ಚಿಲ್ಲರೆ ಸಾಲು ಆಗಿತ್ತು, ತೆರೆದು ನೋಡುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ಆಸ್ಪತ್ರೆಗೆ ಹೋಗುವುದು ಒಂದು ಸಲ, ಸಾಲೂ ಒಂದೇ ಸಾಕು.

ಈಗ `B3` ಇಂದ `B7` ವರೆಗೆ ಒಂದರ ಕೆಳಗೆ ಒಂದು ಇವನ್ನು ಹಾಕಿ:

```
=B1+42
=IF(D3="",C3,D3)+28
=IF(D4="",C4,D4)+28
=EDATE(B1,9)
=EDATE(B1,16)
```

`C3` ಮನೆಯಲ್ಲಿ ಇದನ್ನು ಹಾಕಿ, ಕೆಳಗಿನ ನಾಲ್ಕು ಮನೆಗೂ ಕಾಪಿ ಮಾಡಿ:

```
=B3+MOD(5-WEEKDAY(B3),7)
```

ಕೊನೆಯದು ಆ ದಿನವೇ ಗುರುವಾರ ಆಗಿದ್ದರೆ ಅದನ್ನೇ ಕೊಡುತ್ತದೆ, ಇಲ್ಲದಿದ್ದರೆ ಮುಂದೆ ಬರುವ ಗುರುವಾರವನ್ನು ಕೊಡುತ್ತದೆ. ಇಲ್ಲಿ 5 ಅಂದರೆ ಗುರುವಾರ. ಭಾನುವಾರಕ್ಕೆ 1 ಅಂತ ಶುರು ಮಾಡಿ ಎಣಿಸುತ್ತದೆ. ನಿಮ್ಮ ಕೇಂದ್ರದಲ್ಲಿ ಬುಧವಾರ ಹಾಕುವುದಾದರೆ 4 ಅಂತ ಬದಲಿಸಿ. ತಾರೀಖು ಬರುವ ಬದಲು 45860 ಥರದ ಒಂದು ಸಂಖ್ಯೆ ಕಂಡರೆ ಲೆಕ್ಕ ತಪ್ಪಿದೆ ಅಂತಲ್ಲ. ಆ ಮನೆಯ ಫಾರ್ಮ್ಯಾಟ್ ಅನ್ನು ತಾರೀಖಿಗೆ ಬದಲಿಸಿದರೆ ಸರಿಹೋಗುತ್ತದೆ.

ಈ ಶೀಟ್‌ನ ಜೀವ ಇರುವುದು `B4` ಮತ್ತು `B5` ಮನೆಯ ಸೂತ್ರಗಳಲ್ಲಿ. ಅವು ಹುಟ್ಟಿದ ದಿನವನ್ನು ನೋಡುವುದಿಲ್ಲ. ಹಿಂದಿನ ಡೋಸ್ ನಿಜವಾಗಿ ಯಾವತ್ತು ಹಾಕಿಸಿದಿರಿ ಅನ್ನುವುದನ್ನು ನೋಡಿ, ಅದಕ್ಕೆ 28 ದಿನ ಸೇರಿಸುತ್ತವೆ. ಪೆಂಟಾ ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಅಂತರ ಇರಲೇಬೇಕು. ಮೊದಲ ಡೋಸ್‌ಗೆ ಮೈ ತಯಾರಾಗುವುದಕ್ಕೆ ಅಷ್ಟು ಸಮಯ ಹಿಡಿಯುತ್ತದೆ. ಅದಕ್ಕೂ ಬೇಗ ಹಾಕಿದರೆ ಆ ಡೋಸ್ ಸರಿಯಾಗಿ ಕೆಲಸ ಮಾಡುವುದಿಲ್ಲ. ತಡವಾದರೆ ಹಾಗಲ್ಲ. ಎಷ್ಟೇ ತಡವಾದರೂ ಮೊದಲಿಂದ ಶುರು ಮಾಡುವಂತಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಆಯಿತು. 'ಟೈಮ್ ಮೀರಿ ಹೋಯ್ತು, ಇನ್ನು ಹಾಕ್ಸಿ ಏನು ಪ್ರಯೋಜನ' ಅಂತ ಬಿಟ್ಟುಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಬಿಡಬೇಡಿ. ಆದರೆ ತಡ ಮಾಡುತ್ತಾ ಕೂರುವುದೂ ಬೇಡ. ನಾಯಿಕೆಮ್ಮಿನಂಥ ಕಾಯಿಲೆ ಜಾಸ್ತಿ ಅಪಾಯ ಮಾಡುವುದು ಮೊದಲ ಕೆಲವು ತಿಂಗಳಲ್ಲೇ. ಭೇದಿ ತಡೆಯುವ ರೋಟಾ ಹನಿಯಂಥ ಕೆಲವು ಲಸಿಕೆಯನ್ನು ಶುರು ಮಾಡುವುದಕ್ಕೆ ವಯಸ್ಸಿನ ಮಿತಿಯೂ ಇದೆ.

ಹೆಜ್ಜೆ 3: ಯಾವ ಸಾಲಿನಲ್ಲಿ ಏನು

ಮೊದಲ ಕಾಲಂನಲ್ಲಿ ಆ ದಿನ ಏನೇನು ಹಾಕುತ್ತಾರೆ ಅಂತ ಚಿಕ್ಕದಾಗಿ ಬರೆದುಕೊಳ್ಳಿ. 6 ವಾರಕ್ಕೆ ಪೆಂಟಾ, ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೊ ಸೂಜಿ, ಜೊತೆಗೆ ಪೋಲಿಯೊ ಹನಿ, ರೋಟಾ ಹನಿ. 14 ವಾರಕ್ಕೂ ಇವೇ ಐದು. ನಡುವಿನ 10 ವಾರಕ್ಕೆ ಮಾತ್ರ ಕಡಿಮೆ: ಪೆಂಟಾ ಸೂಜಿ ಒಂದು, ಹನಿ ಎರಡು. ಇದು ಗೊತ್ತಿಲ್ಲದೆ 'ಹೋದ ಸಲ ಮೂರು ಸೂಜಿ ಹಾಕಿದ್ರು, ಈ ಸಲ ಒಂದೇ ಹಾಕಿದ್ರಲ್ಲ, ಮರೆತರಾ?' ಅಂತ ನಮ್ಮಮ್ಮ ಚಿಂತೆ ಮಾಡಿದ್ದರು.

9 ತಿಂಗಳಿಗೆ ದಡಾರ-ರುಬೆಲ್ಲಾ ಮೊದಲ ಡೋಸ್, ಪಿಸಿವಿ ಬೂಸ್ಟರ್, ಪೋಲಿಯೊ ಸೂಜಿಯ ಮೂರನೇ ಡೋಸ್, ವಿಟಮಿನ್ ಎ ಸಿರಪ್. ಪೋಲಿಯೊ ಸೂಜಿಯ ಮೂರನೇ ಡೋಸ್ ಸೇರಿದ್ದು 2023ರಲ್ಲಿ. ಹಳೆಯ ಕಾರ್ಡ್ ಅಥವಾ ದೊಡ್ಡ ಮಗುವಿನ ಕಾರ್ಡ್ ನೋಡಿ ಪಟ್ಟಿ ಮಾಡುವವರಿಗೆ ಅದು ಸಿಗುವುದಿಲ್ಲ. ಮಿದುಳು ಜ್ವರದ ಜೆಇ ಲಸಿಕೆಯೂ ಇದೇ ದಿನ. ಇದನ್ನು ಎಲ್ಲ ಜಿಲ್ಲೆಯಲ್ಲೂ ಕೊಡುವುದಿಲ್ಲ, ಆ ಜ್ವರ ಕಾಣಿಸಿಕೊಂಡ ಜಿಲ್ಲೆಗಳಲ್ಲಿ ಕೊಡುತ್ತಾರೆ. ನಮ್ಮ ಕೋಲಾರ ಅದರಲ್ಲಿ ಒಂದು. ಬೇರೆ ಊರಿನ ಪಟ್ಟಿಯನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡರೆ ಈ ಸಾಲೇ ಇರುವುದಿಲ್ಲ, ಹುಷಾರು.

16 ತಿಂಗಳಿಗೆ ದಡಾರ-ರುಬೆಲ್ಲಾ ಎರಡನೆಯದು, ಡಿಪಿಟಿ ಬೂಸ್ಟರ್, ಪೋಲಿಯೊ ಹನಿ ಬೂಸ್ಟರ್, ಜೆಇ ಎರಡನೆಯದು, ವಿಟಮಿನ್ ಎ. ಈ ಭೇಟಿಗೆ 24 ತಿಂಗಳವರೆಗೆ ಸಮಯ ಇದೆ. ಜಾಸ್ತಿ ಮಕ್ಕಳಿಗೆ ತಪ್ಪುವುದೂ ಇದೇ ಅಂತ ನನ್ನ ಅನಿಸಿಕೆ. ಮಗು ಓಡಾಡಿಕೊಂಡು ಗಟ್ಟಿಯಾಗಿರುತ್ತದೆ, ಮನೆಯವರು ಕಾರ್ಡ್ ಎಲ್ಲಿಟ್ಟಿದ್ದೇವೆ ಅನ್ನುವುದನ್ನೇ ಮರೆತಿರುತ್ತಾರೆ.

ಪಲ್ಸ್ ಪೋಲಿಯೊ ಭಾನುವಾರ ಹಾಕಿಸಿದ ಹನಿಯನ್ನು ಈ ಸಾಲುಗಳಲ್ಲಿ ಬರೆಯಬೇಡಿ. ಅದು ಹೆಚ್ಚುವರಿಯಾಗಿ ಕೊಡುವ ಹನಿ. ಪಟ್ಟಿಯ ಡೋಸ್‌ಗೆ ಬದಲಾಗುವುದಿಲ್ಲ.

ಹೆಜ್ಜೆ 4: ಗಂಟೆ ಒಂದೇ ಒಂದಕ್ಕೆ

ನನ್ನ ತಪ್ಪು ಇಲ್ಲೇ ಆಗಿತ್ತು. ಕ್ಯಾಲೆಂಡರಿಗೆ ಎಲ್ಲ ತಾರೀಖನ್ನೂ ಒಮ್ಮೆಲೇ ಹಾಕಬೇಡಿ. 'ನಾಲ್ಕು ವಾರಕ್ಕೊಮ್ಮೆ' ಅಂತ ಪದೇ ಪದೇ ಬರುವ ರಿಮೈಂಡರ್ ಕೂಡ ಇಡಬೇಡಿ. 'ಹಾಕಿಸಿದ ದಿನ' ಕಾಲಂ ಖಾಲಿ ಇರುವ ಮೊದಲ ಸಾಲು ಯಾವುದೋ, ಅದಕ್ಕೆ ಮಾತ್ರ ಗಂಟೆ ಇಡಿ. ಅದರ ಕೆಳಗಿನವು ಆವತ್ತಿಗೆ ಬರೀ ಅಂದಾಜು.

ಕ್ಯಾಲೆಂಡರ್‌ನಲ್ಲಿ ಶೀಟ್ ತೋರಿಸಿದ ಗುರುವಾರಕ್ಕೆ ಬೆಳಿಗ್ಗೆ 9:30ಕ್ಕೆ ಒಂದು ಕಾರ್ಯಕ್ರಮ ಸೇರಿಸಿ. ಅದಕ್ಕೆ ಎರಡು ನೋಟಿಫಿಕೇಶನ್ ಇಡಿ. ಒಂದು, ವಾರದ ಮುಂಚೆ. ಅದು ರಜೆ ಹೇಳುವುದಕ್ಕೆ, ಜೊತೆಗೆ ಯಾರು ಬರುತ್ತಾರೆ ಅಂತ ಗೊತ್ತು ಮಾಡಿಕೊಳ್ಳುವುದಕ್ಕೆ, ಆಶಾ ಅಕ್ಕನಿಗೆ ಫೋನ್ ಮಾಡಿ 'ಈ ಗುರುವಾರ ಇದೆಯಾ' ಅಂತ ಕೇಳುವುದಕ್ಕೆ. ಇನ್ನೊಂದು, ಹಿಂದಿನ ದಿನ. ಅದು ಕಾರ್ಡ್ ಹುಡುಕಿ ಚೀಲಕ್ಕೆ ಹಾಕುವುದಕ್ಕೆ. ಕಾರ್ಯಕ್ರಮಕ್ಕೆ ನಿಮ್ಮ ಮನೆಯವರ ಇಮೇಲನ್ನೂ ಸೇರಿಸಿ, ಇಬ್ಬರ ಫೋನಿನಲ್ಲೂ ಕಾಣಿಸಲಿ. ವಿವರದ ಜಾಗದಲ್ಲಿ ಹಿಂದಿನ ಡೋಸ್‌ನ ತಾರೀಖು ಬರೆಯಿರಿ. ಅದೊಂದು ಸಾಲು ಇದ್ದಿದ್ದರೆ ಸೆಪ್ಟೆಂಬರ್ 18ರಂದು ಮನೆಯಲ್ಲೇ ನನಗೆ ಗೊತ್ತಾಗುತ್ತಿತ್ತು.

ಕೆಲವು ಫೋನ್‌ಗಳಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಕ್ಯಾಲೆಂಡರನ್ನು ಮಲಗಿಸಿಬಿಡುತ್ತದೆ. ಗಂಟೆ ಬರುವುದೇ ಇಲ್ಲ. ನಾಳೆಗೆ ಒಂದು ಸುಳ್ಳು ಕಾರ್ಯಕ್ರಮ ಇಟ್ಟು ಪರೀಕ್ಷೆ ಮಾಡಿ. ಬರದಿದ್ದರೆ ಫೋನ್ ಸೆಟ್ಟಿಂಗ್‌ನಲ್ಲಿ ಕ್ಯಾಲೆಂಡರ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ.

ಹೆಜ್ಜೆ 5: ಲಸಿಕೆ ಆದ ಮೇಲಿನ ಅರ್ಧ ಗಂಟೆ

ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಅಪರೂಪಕ್ಕೆ ಅಲರ್ಜಿ ಆದರೆ ನೋಡಿಕೊಳ್ಳಲು ಅಂತ. ಪಟ್ಟಿಯ ಕೆಲಸವನ್ನು ಆಗಲೇ ಮುಗಿಸಿಬಿಡಿ. ಕಾರ್ಡ್‌ನಲ್ಲಿ ತಾರೀಖು ಬರೆದಿದ್ದಾರಾ ನೋಡಿ. ಆ ಪುಟದ ಫೋಟೊ ತೆಗೆಯಿರಿ. ಶೀಟ್‌ನ 'ಹಾಕಿಸಿದ ದಿನ' ಕಾಲಂ ತುಂಬಿ. ಕೂಡಲೇ ಮುಂದಿನ ಸಾಲಿನ ಗುರುವಾರ ತಾನೇ ಬದಲಾಗುತ್ತದೆ. ಆ ಗುರುವಾರವನ್ನು ಸಿಸ್ಟರ್‌ಗೆ ತೋರಿಸಿ, 'ಇದೇ ತಾನೇ?' ಅಂತ ಕೇಳಿ. ಸರಿ ಅಂದರೆ ಮುಂದಿನ ಗಂಟೆ ಇಡಿ. ಮನೆಗೆ ಹೋಗಿ ಮಾಡೋಣ ಅಂದರೆ ಆಗುವುದಿಲ್ಲ. ಮಗು ಆ ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ.

ಹೊರಡುವ ಮುಂಚೆ ಜ್ವರದ ಸಿರಪ್ ಎಷ್ಟು ಹಾಕಬೇಕು ಅಂತ ಕೇಳಿ, ಟಿಪ್ಪಣಿ ಕಾಲಂನಲ್ಲಿ ಬರೆದುಕೊಳ್ಳಿ. ಅದು ಮಗುವಿನ ತೂಕದ ಮೇಲೆ ಇರುತ್ತದೆ, ಹೋದ ಸಲದ ಲೆಕ್ಕ ಈ ಸಲಕ್ಕೆ ಆಗುವುದಿಲ್ಲ. ಪೆಂಟಾ ಆದ ಮೇಲೆ ಒಂದೆರಡು ದಿನ ಜ್ವರ, ತೊಡೆ ಊತ, ರಚ್ಚೆ ಸಾಮಾನ್ಯ. ಜ್ವರ ಎರಡು ದಿನ ಆದರೂ ಬಿಡದಿದ್ದರೆ, ಮಗು ಮೂರು ಗಂಟೆ ಬಿಡದೆ ಅತ್ತರೆ, ಫಿಟ್ಸ್ ಬಂದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಅದನ್ನೂ ಟಿಪ್ಪಣಿಯಲ್ಲಿ ಬರೆದಿಟ್ಟು, ಮುಂದಿನ ಡೋಸ್‌ಗೆ ಮುಂಚೆ ಸಿಸ್ಟರ್‌ಗೆ ಹೇಳಿ. ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲವು ವಾರಗಳ ಮೇಲೆ ಚಿಕ್ಕ ಗುಳ್ಳೆ ಎದ್ದು, ಕೀವು ಬಂದು, ಒಣಗಿ ಕಲೆಯಾಗುತ್ತದೆ. ಅರಿಶಿನ, ಸೊಪ್ಪಿನ ರಸ ಏನೂ ಹಚ್ಚಬೇಡಿ.

ನಮ್ಮ ಮಗುವಿನ ಲೆಕ್ಕ ಹೀಗಿತ್ತು

ಮಗಳು ಹುಟ್ಟಿದ್ದು 2025ರ ಜೂನ್ 10, ಮಂಗಳವಾರ. ಬಾಣಂತನ ಶ್ರೀನಿವಾಸಪುರ ತಾಲ್ಲೂಕಿನ ನನ್ನ ತವರಿನಲ್ಲಿ. 42 ದಿನ ತುಂಬಿದ್ದು ಜುಲೈ 22ಕ್ಕೆ, ಮುಂದಿನ ಗುರುವಾರ ಜುಲೈ 24. ಊರಿನ ಅಂಗನವಾಡಿಯಲ್ಲೇ ಮೊದಲ ಡೋಸ್ ಆಯಿತು. ಶೀಟ್ ಪ್ರಕಾರ ಎರಡನೆಯದು ಆಗಸ್ಟ್ 21, ಮೂರನೆಯದು ಸೆಪ್ಟೆಂಬರ್ 18.

ಆಗಸ್ಟ್ 21ಕ್ಕೆ ಮಗುವಿಗೆ ಜೋರು ಜ್ವರ. ನೆಗಡಿ, ಸಣ್ಣ ಮೈ ಬಿಸಿಗೆಲ್ಲ ಲಸಿಕೆ ನಿಲ್ಲಿಸಬೇಕಿಲ್ಲ. ಆದರೆ ಇದು 102 ಇತ್ತು, ಸಿಸ್ಟರ್ ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರ ಬುಧವಾರ 27ಕ್ಕೆ ಗಣೇಶನ ಹಬ್ಬ. ಹಬ್ಬ ಮುಗಿಸಿ ಮಾರನೇ ದಿನವೇ ಮಗುವನ್ನು ಕೋಲಾರಕ್ಕೆ ಕರೆತರುವುದು ಅಂತ ಹಿರಿಯರು ದಿನ ನೋಡಿದ್ದರು. ಆ ಗುರುವಾರ ಪ್ರಯಾಣದಲ್ಲೇ ಹೋಯಿತು. ಎರಡನೇ ಡೋಸ್ ಆಗಿದ್ದು ಸೆಪ್ಟೆಂಬರ್ 4ಕ್ಕೆ, ಕೋಲಾರದಲ್ಲಿ.

ಈಗ ಶೀಟ್‌ನ `D4` ಮನೆಯಲ್ಲಿ ಸೆಪ್ಟೆಂಬರ್ 4 ಅಂತ ತುಂಬಿದರೆ, ಮೂರನೇ ಡೋಸ್ ಸೆಪ್ಟೆಂಬರ್ 18 ಬಿಟ್ಟು ಅಕ್ಟೋಬರ್ 2ಕ್ಕೆ ಜಿಗಿಯುತ್ತದೆ. 28 ದಿನ ಸರಿಯಾಗಿ ತುಂಬುತ್ತದೆ, ಗುರುವಾರವೂ ಹೌದು. ಆದರೆ ಆವತ್ತು ಗಾಂಧಿ ಜಯಂತಿ, ಅದೇ ದಿನ ವಿಜಯದಶಮಿ ಕೂಡ. ಶೀಟ್‌ಗೆ ರಜೆ ಗೊತ್ತಿರುವುದಿಲ್ಲ. ಆದ್ದರಿಂದ ಶೀಟ್ ಹೇಳಿದ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಒಮ್ಮೆ ನೋಡಬೇಕು. ಕೆಂಪು ಬಣ್ಣದಲ್ಲಿ ಇದ್ದರೆ ಕೇಂದ್ರಕ್ಕೆ ಫೋನ್ ಮಾಡಿ. ಕೆಲವು ಕಡೆ ಹಿಂದಿನ ದಿನ ಅಥವಾ ಮಾರನೇ ದಿನ ಇಡುತ್ತಾರೆ. ಹಿಂದಿನ ದಿನ ಅಂದರೆ ಮಾತ್ರ 28 ದಿನ ತುಂಬಿದೆಯಾ ಅಂತ ಕೇಳಿಕೊಳ್ಳಿ. ನಮಗೆ ಅಕ್ಟೋಬರ್ 9ಕ್ಕೆ ಆಯಿತು. 28ರ ಬದಲು 35 ದಿನ, ಅದರಿಂದ ತೊಂದರೆ ಇಲ್ಲ.

9 ತಿಂಗಳು ತುಂಬಿದ್ದು ಈ ವರ್ಷ ಮಾರ್ಚ್ 10ಕ್ಕೆ, ಗುರುವಾರ ಮಾರ್ಚ್ 12. ವಾರದ ಮುಂಚಿನ ಗಂಟೆ ಬಂದಾಗ ಗೋಡೆ ಕ್ಯಾಲೆಂಡರ್ ನೋಡಿದೆ. 12 ತಪ್ಪಿದರೆ ಮುಂದಿನ ಗುರುವಾರ 19ಕ್ಕೆ ಯುಗಾದಿ. ಹಾಗಾಗಿ ಬೇರೆ ಕೆಲಸ ಎಲ್ಲ ಪಕ್ಕಕ್ಕಿಟ್ಟು 12ಕ್ಕೇ ಹೋದೆವು.

ತವರಿನಿಂದ ಬರುವಾಗ ಒಂದು ಎಚ್ಚರ. ಅಲ್ಲಿನ ಆಶಾ ಅಕ್ಕನಿಗೆ ಮಗು ಹೋಗುತ್ತಿದೆ ಅಂತ ಹೇಳಿ, ಇಲ್ಲಿನವರಿಗೆ ಬಂದಿದೆ ಅಂತ ಹೇಳಿ. ಇಲ್ಲದಿದ್ದರೆ ಅಲ್ಲಿ 'ಬಂದಿಲ್ಲ' ಅಂತ ಪಟ್ಟಿಯಲ್ಲಿ ಉಳಿಯುತ್ತದೆ, ಇಲ್ಲಿ ಪಟ್ಟಿಯಲ್ಲೇ ಇರುವುದಿಲ್ಲ.

ಹೆಜ್ಜೆ 6: ತೂಕ ಮತ್ತು ತಪಾಸಣೆಯನ್ನು ಅದೇ ಸಾಲಿಗೆ ಕಟ್ಟಿ

ತಪಾಸಣೆಗೆ ಬೇರೆ ಪಟ್ಟಿ ಮಾಡಬೇಡಿ. ಆಸ್ಪತ್ರೆಯಲ್ಲಿ ಹೆರಿಗೆ ಆದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು ಅಂತ ಕಾರ್ಯಕ್ರಮ ಇದೆ. ಕೊನೆಯದು 42ನೇ ದಿನ, ಅಂದರೆ ಮೊದಲ ಲಸಿಕೆಯ ಹೊತ್ತಿಗೇ. ಆಮೇಲೆ 3, 6, 9, 12, 15 ತಿಂಗಳಿಗೆ ಭೇಟಿ. ಅದರಲ್ಲಿ 9ನೆಯದು ದಡಾರ ಲಸಿಕೆಯ ಹೊತ್ತಿಗೆ ಬರುತ್ತದೆ. ಉಳಿದವಕ್ಕೆ ಶೀಟ್‌ನ ಕೆಳಗೆ ನಾಲ್ಕು ಸಾಲು ಸೇರಿಸಿದರೆ ಸಾಕು. ಯಾರೂ ಬರದಿದ್ದರೆ ನೀವೇ ಫೋನ್ ಮಾಡಿ ಕರೆಯಬಹುದು.

ತೂಕವನ್ನು ಪ್ರತಿ ಲಸಿಕೆ ದಿನ ಕೇಳಿ ಬರೆಸಿಕೊಳ್ಳಿ. ನಡುವಿನ ತಿಂಗಳುಗಳಲ್ಲಿ ಅಂಗನವಾಡಿಯಲ್ಲಿ ತೂಗಿಸಿ. ನಮ್ಮ ಮಗಳು ಹುಟ್ಟಿದಾಗ 2.8 ಕಿಲೊ, ಜುಲೈ 24ಕ್ಕೆ 4.1, ಸೆಪ್ಟೆಂಬರ್ 4ಕ್ಕೆ 5.2, ಅಕ್ಟೋಬರ್ 9ಕ್ಕೆ 5.8. ಅಕ್ಕಪಕ್ಕದ ಮಗುವಿನ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ನೋಡಬೇಕಾದ್ದು ಕಾರ್ಡ್‌ನ ಚಾರ್ಟ್‌ನಲ್ಲಿ ಮಗುವಿನ ಸ್ವಂತ ಗೆರೆ ಮೇಲೆ ಏರುತ್ತಿದೆಯಾ ಅಂತ. ಹುಟ್ಟಿದ ಮೊದಲ ವಾರ ತೂಕ ಸ್ವಲ್ಪ ಇಳಿಯುತ್ತದೆ, ಸುಮಾರು ಎರಡು ವಾರಕ್ಕೆ ಮತ್ತೆ ಹುಟ್ಟಿದ ತೂಕಕ್ಕೆ ಬರಬೇಕು. ಐದು ತಿಂಗಳ ಹೊತ್ತಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಅನ್ನುವುದು ಒಂದು ಸ್ಥೂಲ ಲೆಕ್ಕ. ಮೊದಲ ಆರು ತಿಂಗಳಲ್ಲಿ ಗೆರೆ ಒಂದು ತಿಂಗಳು ಚಪ್ಪಟೆಯಾದರೂ ಡಾಕ್ಟರಿಗೆ ತೋರಿಸಿ. ಅದಕ್ಕೂ ಮುಂಚೆ ಅದೇ ತಕ್ಕಡಿಯಲ್ಲಿ, ಬಟ್ಟೆ ಕಡಿಮೆ ಮಾಡಿ ಇನ್ನೊಂದು ಸಲ ತೂಗಿಸಿ. ಎರಡು ಕಡೆಯ ತಕ್ಕಡಿಯ ವ್ಯತ್ಯಾಸವೇ ಎಷ್ಟೋ ಸಲ ಭಯ ಹುಟ್ಟಿಸುತ್ತದೆ.

ಪದೇ ಪದೇ ಬರುವ ರಿಮೈಂಡರ್ ಸರಿಹೊಂದುವ ಒಂದು ಕೆಲಸ ಇದೆ. 6 ತಿಂಗಳು ತುಂಬಿದ ಮೇಲೆ ಕಬ್ಬಿಣಾಂಶದ ಸಿರಪ್ ಕೊಡುತ್ತಾರೆ, ವಾರಕ್ಕೆ ಎರಡು ಸಲ, ಒಂದೊಂದು ಮಿಲಿ. ಅದಕ್ಕೆ ಎರಡು ದಿನ ಗೊತ್ತು ಮಾಡಿ ವಾರವಾರ ಗಂಟೆ ಇಡಿ. ಒಂದು ದಿನ ತಪ್ಪಿದರೂ ಮುಂದಿನದು ಬದಲಾಗುವುದಿಲ್ಲ ನೋಡಿ, ಅದಕ್ಕೇ ಇಲ್ಲಿ ಪರವಾಗಿಲ್ಲ.

ಅವಧಿಗೆ ಮುಂಚೆ ಹುಟ್ಟಿದ ಮಗು ಇದ್ದರೆ ಇನ್ನೊಂದು ಸಾಲು ಎಲ್ಲಕ್ಕಿಂತ ಮೇಲೆ ಬರಬೇಕು. 34 ವಾರಕ್ಕಿಂತ ಮುಂಚೆ ಹುಟ್ಟಿದ್ದರೆ ಅಥವಾ ಹುಟ್ಟುತೂಕ 2 ಕಿಲೊಗಿಂತ ಕಡಿಮೆ ಇದ್ದರೆ, 30 ದಿನದೊಳಗೆ ಕಣ್ಣಿನ ಒಳಪರದೆಯ ತಪಾಸಣೆ ಆಗಬೇಕು. ತೀರಾ ಚಿಕ್ಕ ಮಗುವಿಗೆ ಇನ್ನೂ ಬೇಗ. ಕಣ್ಣು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಳಗೆ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗಬಹುದು. ಲಸಿಕೆ ಒಂದು ವಾರ ತಡವಾದರೆ ಸರಿಮಾಡಬಹುದು, ಇದಕ್ಕೆ ಆ ಅವಕಾಶ ಇಲ್ಲ. ಇಂಥ ಮಕ್ಕಳಿಗೂ 6 ವಾರ, 10 ವಾರದ ಲಸಿಕೆಯನ್ನು ನಿಜವಾದ ಹುಟ್ಟಿದ ದಿನದಿಂದಲೇ ಎಣಿಸುತ್ತಾರೆ. ಡಾಕ್ಟರು ಹೇಳಿದ್ದ ಹೆರಿಗೆ ತಾರೀಖಿನಿಂದ ಅಲ್ಲ.

ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸುವವರಿಗೆ

ಅಲ್ಲಿ ಮಕ್ಕಳ ಡಾಕ್ಟರು ಬೇರೆ ಪಟ್ಟಿ ಹಿಡಿಯುತ್ತಾರೆ. ಪಿಸಿವಿ 10 ವಾರಕ್ಕೂ ಇರುತ್ತದೆ, ಬೂಸ್ಟರ್ ವರ್ಷದ ಮೇಲೆ. ಫ್ಲೂ, ಟೈಫಾಯಿಡ್, ಸೀತಾಳೆ ಸಿಡುಬಿನಂಥವು ಹೆಚ್ಚುವರಿ. ಹಾಗಾಗಿ ಶೀಟ್‌ನ ಸೂತ್ರ ಅದೇ ಇರಲಿ, ಸಾಲುಗಳನ್ನು ಡಾಕ್ಟರ ಕೈಲಿ ಬರೆಸಿ. ಅರ್ಧ ಅಲ್ಲಿ, ಅರ್ಧ ಇಲ್ಲಿ ಹಾಕಿಸುವುದಾದರೆ ಎರಡು ಕಾರ್ಡ್ ಇಟ್ಟುಕೊಳ್ಳಬೇಡಿ. ಖಾಸಗಿಯಲ್ಲಿ ಹಾಕಿದ ಲಸಿಕೆಯ ಹೆಸರು, ತಾರೀಖನ್ನು ತಾಯಿ ಕಾರ್ಡ್‌ನಲ್ಲೂ ಬರೆಸಿ. ಸಿಸ್ಟರ್ ನೋಡುವುದು ಅದನ್ನೇ.

16 ತಿಂಗಳ ಆಚೆ

ನಮ್ಮ ಶೀಟ್‌ನಲ್ಲಿ ಈಗ ಖಾಲಿ ಇರುವ ಮೊದಲ ಸಾಲು 16 ತಿಂಗಳದ್ದು. ತುಂಬುವುದು 2026ರ ಅಕ್ಟೋಬರ್ 10, ಶನಿವಾರ. ಗುರುವಾರ ಅಕ್ಟೋಬರ್ 15. ಅದಾದ ಮೇಲೆ ವಿಟಮಿನ್ ಎ ಸಿರಪ್ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ, ಒಟ್ಟು ಒಂಬತ್ತು ಡೋಸ್. ಇದಕ್ಕೂ ಮೇಲಿನ ಉಪಾಯವೇ: ಹಿಂದಿನದು ಕೊಟ್ಟ ದಿನಕ್ಕೆ `EDATE` ಹಾಕಿ ಆರು ತಿಂಗಳು ಸೇರಿಸಿ. ಡಿಪಿಟಿಯ ಎರಡನೇ ಬೂಸ್ಟರ್ ಐದು ವರ್ಷ ತುಂಬಿದ ಮೇಲೆ, ನಮಗೆ 2030ರ ಜೂನ್‌ನಿಂದ. ಅಷ್ಟು ಹೊತ್ತಿಗೆ ಫೋನ್ ಬದಲಾಗಿರುತ್ತದೆ, ಮನೆಯೂ ಬದಲಾಗಿರಬಹುದು. ಅದಕ್ಕೇ ಆ ಒಂದು ಸಾಲಿಗೆ ಈಗಲೇ ಗಂಟೆ ಇಟ್ಟಿದ್ದೇನೆ. ವಿವರದಲ್ಲಿ ಬರೆದಿರುವುದು ಇಷ್ಟೇ: 'ತಾಯಿ ಕಾರ್ಡ್ ಬೀರುವಿನ ಮೇಲಿನ ಖಾನೆಯಲ್ಲಿ, ರೇಷನ್ ಕಾರ್ಡ್ ಕವರಿನ ಒಳಗಿದೆ.'